ಒಬ್ಬಳೇ ಇದ್ದಾಗಿನ ರೇಟು, ಮೂವರಾದ ಮೇಲಿನ ಲೆಕ್ಕ: ಒಂದು ಡಿಸೈನ್ ಸ್ಟುಡಿಯೋದ ಪ್ರಕರಣ

ಮೂರು ತಿಂಗಳ ಲೆಕ್ಕ ಮುಗಿಸಿದ ದಿನ ಅದನ್ನು ಮತ್ತೆ ಮತ್ತೆ ಕೂಡಿ ನೋಡಿದೆ. ಒಬ್ಬಳೇ ಫ್ರೀಲ್ಯಾನ್ಸ್ ಮಾಡುತ್ತಿದ್ದಾಗ ಮೂರು ತಿಂಗಳಿಗೆ ನಾನು ಕಳಿಸುತ್ತಿದ್ದ ಬಿಲ್‌ಗಳ ಮೊತ್ತ 360. ಇಬ್ಬರು ಡಿಸೈನರ್‌ಗಳನ್ನು ಸೇರಿಸಿಕೊಂಡ ಮೇಲೆ ಅದು 690ಕ್ಕೆ ಏರಿತ್ತು. ಹೆಚ್ಚೂಕಡಿಮೆ ಎರಡು ಪಟ್ಟು. ಆದರೆ ಮೊದಲು 300 ಖರ್ಚಾಗಿ 60 ಉಳಿಯುತ್ತಿತ್ತು. ಈಗ ಖರ್ಚು 720. ಅಂದರೆ 30 ಕೈಯಿಂದ ಹೋಗಿತ್ತು.

ಈ ಅಂಕಿಗಳನ್ನು ಯಾವ ನಾಣ್ಯದಲ್ಲೂ ಹೇಳುತ್ತಿಲ್ಲ. ನಾನೊಬ್ಬಳೇ ಇದ್ದಾಗಿನ ಒಂದು ತಿಂಗಳ ಒಟ್ಟು ಖರ್ಚನ್ನು, ನನ್ನ ಸಂಬಳವೂ ಸೇರಿ, 100 ಯೂನಿಟ್ ಅಂತ ಇಟ್ಟುಕೊಂಡಿದ್ದೇನೆ. ಉಳಿದದ್ದೆಲ್ಲ ಅದೇ ಅಳತೆಯಲ್ಲಿದೆ. ಓದುವವರು ತಮ್ಮ ತಿಂಗಳ ಖರ್ಚನ್ನು 100ರ ಜಾಗದಲ್ಲಿಟ್ಟರೆ ಲೆಕ್ಕ ಅವರದೇ ಆಗುತ್ತದೆ.

ಆ ಮೂರು ತಿಂಗಳಲ್ಲಿ ನಾವು ಕೆಲಸವಿಲ್ಲದೆ ಕುಳಿತಿರಲಿಲ್ಲ. ಬೆಲೆಯನ್ನು ಬೇಕೆಂದೇ ಕಡಿಮೆ ಮಾಡಿಯೂ ಇರಲಿಲ್ಲ. ಹಾಗಿದ್ದರೆ ಹಣ ಎಲ್ಲಿ ಹೋಯಿತು? ಅದನ್ನು ಹುಡುಕಲು ಒಬ್ಬ ಕ್ಲೈಂಟನ್ನು ಮಾತ್ರ ತೆಗೆದುಕೊಂಡೆ. ಬುಕಿಂಗ್ ಸಾಫ್ಟ್‌ವೇರ್ ಮಾಡುವ ಒಂದು ಕಂಪನಿ ಅದು. ಅವರ ಜೊತೆ ನಾನು ಮೊದಲು ಗಂಟೆ ಲೆಕ್ಕದಲ್ಲಿ, ಆಮೇಲೆ ಪ್ರಾಜೆಕ್ಟ್ ಲೆಕ್ಕದಲ್ಲಿ, ಕೊನೆಗೆ ರಿಟೈನರ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿದ ಹಣಕ್ಕೆ, ಕೆಲಸ ಮಾಡಿದ್ದೆ. ಮೂರರಲ್ಲೂ ನಾನು ಎಲ್ಲಿ ತಪ್ಪಿದೆ ಅನ್ನುವುದು ಅದೊಂದೇ ಫೈಲಿನಲ್ಲಿ ಕಾಣುತ್ತಿತ್ತು.

ಗಂಟೆ ಲೆಕ್ಕ

ಶುರುವಿನಲ್ಲಿ ಅವರಿಗೆ ಬೇಕಿದ್ದದ್ದು ಚಿಕ್ಕಪುಟ್ಟ ಕೆಲಸ. ಒಂದು ಲ್ಯಾಂಡಿಂಗ್ ಪೇಜ್, ನಾಲ್ಕು ಇಮೇಲ್ ಟೆಂಪ್ಲೇಟ್, ಸೇಲ್ಸ್ ತಂಡಕ್ಕೆ ಸ್ಲೈಡುಗಳು. ಏನು ಬರುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಂಥ ಹೊತ್ತಿಗೆ ಗಂಟೆ ಲೆಕ್ಕವೇ ಸರಿ. ನನ್ನ ರೇಟು ಗಂಟೆಗೆ 1.2 ಯೂನಿಟ್.

ಆ ರೇಟು ಬಂದದ್ದು ಹೀಗೆ. ತಿಂಗಳಿಗೆ ನಾನು ಸುಮಾರು 160 ಗಂಟೆ ಕೆಲಸ ಮಾಡುತ್ತಿದ್ದೆ. ಆದರೆ ಬಿಲ್ ಮಾಡಬಹುದಾದದ್ದು 100 ಗಂಟೆ ಮಾತ್ರ. ಉಳಿದ 60 ಕೊಟೇಶನ್ ಬರೆಯಲು, ಹೊಸ ಕ್ಲೈಂಟ್‌ಗಳ ಜೊತೆ ಮಾತಾಡಲು, ಮೇಲ್ ನೋಡಲು, ಬಾಕಿ ಹಣ ಕೇಳಲು ಹೋಗುತ್ತಿತ್ತು. ಖರ್ಚು 100, ಮಾರುವ ಗಂಟೆ 100. ಹಾಗಾಗಿ ಮಾರಿದ ಒಂದು ಗಂಟೆಯ ಖರ್ಚು 1 ಯೂನಿಟ್. ಅದರ ಮೇಲೆ 0.2 ಉಳಿತಾಯ. ಹೊಸದಾಗಿ ಫ್ರೀಲ್ಯಾನ್ಸ್ ಶುರು ಮಾಡುವವರು ತಿಂಗಳ ಸಂಬಳವನ್ನು 160ರಿಂದ ಭಾಗಿಸಿ ರೇಟು ಹೇಳುವುದನ್ನು ನೋಡಿದ್ದೇನೆ. ಆ ರೇಟಿನಲ್ಲಿ ಕೊಟೇಶನ್ ಬರೆಯುವ ಗಂಟೆಗೆ ಯಾರೂ ಹಣ ಕೊಡುತ್ತಿರುವುದಿಲ್ಲ.

ನಾಲ್ಕೈದು ತಿಂಗಳಲ್ಲಿ ಎರಡು ತೊಂದರೆ ಕಾಣಿಸಿದವು. ಅವರ ಮೊದಲ ಲ್ಯಾಂಡಿಂಗ್ ಪೇಜಿಗೆ ನನಗೆ 9 ಗಂಟೆ ಹಿಡಿದಿತ್ತು. ಆರನೆಯ ಪೇಜಿಗೆ 4 ಗಂಟೆ ಸಾಕಾಯಿತು, ಯಾಕೆಂದರೆ ಅಷ್ಟರಲ್ಲಿ ಬಟನ್, ಕಾರ್ಡು, ಫಾರ್ಮು ಎಲ್ಲವನ್ನೂ ಸೇರಿಸಿ ಒಂದು ಕಾಂಪೊನೆಂಟ್ ಲೈಬ್ರರಿ ಮಾಡಿಟ್ಟುಕೊಂಡಿದ್ದೆ. ಆರನೆಯ ಪೇಜ್ ಮೊದಲನೆಯದಕ್ಕಿಂತ ಚೆನ್ನಾಗಿತ್ತು, ಬೇಗ ಸಿಕ್ಕಿತ್ತು, ಮತ್ತು ನನಗೆ ಅರ್ಧಕ್ಕಿಂತ ಕಡಿಮೆ ಹಣ ತಂದಿತ್ತು. ಕೈ ಪಳಗಿದಷ್ಟೂ ಸಂಪಾದನೆ ಇಳಿಯುವ ಲೆಕ್ಕ ಇದು. ರೇಟು ಏರಿಸಬಹುದು ನಿಜ. ಆದರೆ ಗಂಟೆಯ ರೇಟು ಕ್ಲೈಂಟ್ ಕಣ್ಣಿಗೆ ನೇರ ಬೀಳುವ ಅಂಕಿ. ಅದನ್ನು ಎರಡು ಪಟ್ಟು ಮಾಡುವುದು ಅಷ್ಟು ಸುಲಭವಲ್ಲ.

ಎರಡನೆಯದು ಮಾತಿನ ಧಾಟಿ. ನಾನು ಕಳಿಸುತ್ತಿದ್ದ ಟೈಮ್‌ಶೀಟಿನಲ್ಲಿ ಪ್ರತಿ ಸಾಲೂ ಚರ್ಚೆಗೆ ಬರತೊಡಗಿತು. "ಲೋಗೋ ಜಾಗ ಬದಲಾಯಿಸಲು 40 ನಿಮಿಷ ಯಾಕೆ ಬೇಕಾಯ್ತು?" ಅಂತ ಅವರ ಮಾರ್ಕೆಟಿಂಗ್ ಮ್ಯಾನೇಜರ್ ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನು ನಿಮಿಷ ಮಾರುತ್ತಿದ್ದೆ, ಅವರು ನಿಮಿಷದ ಲೆಕ್ಕ ಕೇಳಿದರು. ಪೇಜಿಗೆ ಬಂದವರಲ್ಲಿ ಎಷ್ಟು ಜನ ಫಾರ್ಮ್ ತುಂಬಿದರು ಅನ್ನುವ ಮಾತು ನಮ್ಮ ಮಧ್ಯೆ ಬರುತ್ತಲೇ ಇರಲಿಲ್ಲ.

150 ಯೂನಿಟ್‌ನ ಪ್ರಾಜೆಕ್ಟ್

ಹಾಗಾಗಿ ಅವರು ಇಡೀ ವೆಬ್‌ಸೈಟ್ ಹೊಸದಾಗಿ ಮಾಡಬೇಕು ಅಂದಾಗ ಪ್ರಾಜೆಕ್ಟ್ ಬೆಲೆ ಹೇಳಿದೆ. 14 ಬಗೆಯ ಪೇಜುಗಳು, ಅದರ ಜೊತೆ ಒಂದು ಡಿಸೈನ್ ಸಿಸ್ಟಮ್. ನನ್ನ ಅಂದಾಜು 120 ಗಂಟೆ. 1.2ರ ರೇಟಿನಲ್ಲಿ 144 ಆಯಿತು, 150 ಅಂತ ಹೇಳಿದೆ. ಅರ್ಧ ಅಡ್ವಾನ್ಸ್, ಇನ್ನರ್ಧ "ಕೆಲಸ ಮುಗಿದ ಮೇಲೆ". ಎರಡು ರೌಂಡ್ ತಿದ್ದುಪಡಿ ಉಚಿತ. ಅವರು ಅದೇ ದಿನ ಒಪ್ಪಿದರು.

ಈ ಕೆಲಸ ಮತ್ತು ಇನ್ನೆರಡು ಕೈಯಲ್ಲಿದ್ದ ಧೈರ್ಯದಲ್ಲೇ ನಾನು ಇಬ್ಬರನ್ನು ಸೇರಿಸಿಕೊಂಡದ್ದು. ಒಬ್ಬರಿಗೆ ಆರು ವರ್ಷದ ಅನುಭವ. ಇನ್ನೊಬ್ಬ ಹುಡುಗ ಆಗಷ್ಟೇ ಕಲಿತು ಬಂದವನು.

ಪ್ರಾಜೆಕ್ಟ್ ಮುಗಿದಾಗ ಹಿಡಿದಿದ್ದ ಗಂಟೆ 214. ಬಂದ ಹಣ 150. ಗಂಟೆಗೆ 0.70 ಸಿಕ್ಕಂತಾಯಿತು. ಬೆಲೆಯನ್ನು ನಿಜವಾಗಿ ಹಿಡಿದ ಗಂಟೆಯಿಂದ ಭಾಗಿಸಿದಾಗ ಬರುವ ಈ ಅಂಕಿಯನ್ನು ನಾನು ಕೈಗೆ ಬಂದ ರೇಟು ಅಂತ ಕರೆಯುತ್ತೇನೆ. ಅದಕ್ಕಿಂತ ಮುಖ್ಯವಾದ ಅಂಕಿ ನಮ್ಮ ಲೆಕ್ಕದಲ್ಲಿ ಇನ್ನೊಂದಿಲ್ಲ.

ಅಂದಾಜಿಗಿಂತ 94 ಗಂಟೆ ಜಾಸ್ತಿ ಆಗಿತ್ತು. ಕ್ಲೈಂಟ್ ತುಂಬಾ ಬದಲಾವಣೆ ಕೇಳಿದರು, ಅದಕ್ಕೇ ಹೀಗಾಯ್ತು ಅಂತಲೇ ನಾನು ಅಂದುಕೊಂಡಿದ್ದೆ. ಟೈಮ್‌ಶೀಟ್ ತೆಗೆದು ಒಂದೊಂದೇ ಗಂಟೆಗೆ ಕಾರಣ ಬರೆದು ನೋಡಿದಾಗ ಚಿತ್ರ ಬೇರೆಯೇ ಇತ್ತು. ತಿದ್ದುಪಡಿಗೆ ಹೋದದ್ದು 33 ಗಂಟೆ. ಕಂಟೆಂಟ್ ಬರದೆ ಕೆಲಸ ನಿಂತು, ಐದು ವಾರದ ಮೇಲೆ ಮತ್ತೆ ಕೈಗೆತ್ತಿಕೊಂಡಾಗ ಹಳೆಯದನ್ನು ನೆನಪು ಮಾಡಿಕೊಳ್ಳಲು ಹೋದದ್ದು 12. ಲೆಕ್ಕಕ್ಕೆ ಹಿಡಿಯದ ಮೀಟಿಂಗ್‌ಗಳು 8. ಉಳಿದ 41 ಗಂಟೆ ಪೂರ್ತಿ ನಮ್ಮದೇ.

ಆ 41ರ ಕಾರಣ ಸರಳ. 120 ಗಂಟೆಯ ಅಂದಾಜು ನನ್ನ ಕೈಯ ವೇಗದ್ದು. ಕೆಲಸ ಮಾಡಿದ್ದು ಬೇರೆಯವರು. ನಾನು 6 ಗಂಟೆಯಲ್ಲಿ ಮಾಡುವ ಪೇಜನ್ನು ಹುಡುಗ 9 ಗಂಟೆಯಲ್ಲಿ ಮಾಡುತ್ತಿದ್ದ. ಅದನ್ನು ನೋಡಿ, ಎಲ್ಲಿ ತಿದ್ದಬೇಕು ಅಂತ ಹೇಳಲು ನನಗೆ ಒಂದು ಗಂಟೆ ಬೇಕು. ಅವನ ಕೆಲಸದಲ್ಲಿ ತಪ್ಪಿರಲಿಲ್ಲ, ಹೊಸಬರ ವೇಗವೇ ಅಷ್ಟು. ಒಬ್ಬರೇ ಇದ್ದಾಗ ರಿವ್ಯೂ ಅನ್ನುವ ಕೆಲಸವೇ ಇರುವುದಿಲ್ಲ, ಹಾಗಾಗಿ ಅದು ಅಂದಾಜಿಗೆ ಬರುವುದೇ ಇಲ್ಲ. ಏಜೆನ್ಸಿ ಆಗುವಾಗ ಮೊದಲು ಒಡೆಯುವುದು ಈ ಜಾಗ ಅಂತ ಈಗ ನನಗೆ ಖಚಿತವಾಗಿ ಅನಿಸುತ್ತದೆ.

ತಿದ್ದುಪಡಿಯ 33 ಗಂಟೆಯಲ್ಲೂ ಕ್ಲೈಂಟ್ ತಪ್ಪು ಕಡಿಮೆ. "ಎರಡು ರೌಂಡ್" ಅಂತ ಬರೆದಿದ್ದೆ, ರೌಂಡ್ ಅಂದರೆ ಏನು ಅಂತ ಬರೆದಿರಲಿಲ್ಲ. ಸೋಮವಾರ ಮಾರ್ಕೆಟಿಂಗ್‌ನವರು ಹತ್ತು ಕಾಮೆಂಟ್ ಕಳಿಸುತ್ತಿದ್ದರು. ಅದನ್ನು ಮುಗಿಸಿದ ಮೇಲೆ ಗುರುವಾರ ಪ್ರಾಡಕ್ಟ್ ತಂಡದವರು ಅದಕ್ಕೆ ಉಲ್ಟಾ ಆರು ಕಾಮೆಂಟ್ ಕಳಿಸುತ್ತಿದ್ದರು. ಕೊನೆಗೆ ಕಂಪನಿಯ ಮಾಲೀಕರು ನೋಡಿ ಮೊದಲಿದ್ದದ್ದೇ ಚೆನ್ನಾಗಿತ್ತು ಅನ್ನುತ್ತಿದ್ದರು. ಅವರ ಪ್ರಕಾರ ಇದೆಲ್ಲ ಸೇರಿ ಒಂದೇ ರೌಂಡ್. ನನ್ನ ಪ್ರಕಾರ ಮೂರು. ಕಾಗದ ಇಬ್ಬರ ಕಡೆಗೂ ಮಾತಾಡುತ್ತಿರಲಿಲ್ಲ.

ಇನ್ನು "ಕೆಲಸ ಮುಗಿದ ಮೇಲೆ". ನಮ್ಮ ಡಿಸೈನ್ ಮುಗಿದು ಎರಡು ತಿಂಗಳಾದರೂ ಅವರ ಕಡೆ ಸೈಟ್ ಕಟ್ಟುವ ಕೆಲಸ ನಡೆಯುತ್ತಲೇ ಇತ್ತು. ಸೈಟ್ ಲೈವ್ ಆದ ಮೇಲೆ ಮುಗಿದಂತೆ ಅಂತ ಅವರು ತಿಳಿದಿದ್ದರು. 75 ಯೂನಿಟ್ ಅಲ್ಲೇ ಸಿಕ್ಕಿಕೊಂಡಿತ್ತು. ಒಬ್ಬಳೇ ಇದ್ದಿದ್ದರೆ ನನ್ನ ಸಂಬಳ ಮುಂದೆ ಹಾಕಿಕೊಂಡು ಕಾಯುತ್ತಿದ್ದೆ. ಈಗ ತಿಂಗಳ ಕೊನೆಗೆ ಇಬ್ಬರಿಗೆ ಸಂಬಳ ಕೊಡಬೇಕು. ಅವರಿಗೆ "ಕ್ಲೈಂಟ್ ಹಣ ಬಂದಿಲ್ಲ, ಸ್ವಲ್ಪ ತಾಳಿ" ಅಂತ ಹೇಳುವ ಹಕ್ಕು ನನಗಿಲ್ಲ. ಆ ತಿಂಗಳು ನನ್ನ ಉಳಿತಾಯದಿಂದ ಕೊಟ್ಟೆ.

ಮೂವರ ಒಂದು ಗಂಟೆ ಎಷ್ಟು?

ಇಲ್ಲಿಗೆ ನಿಲ್ಲಿಸಿ ರೇಟನ್ನು ಬುಡದಿಂದ ಮಾಡಿದೆ. ತಿಂಗಳ ಖರ್ಚು ಬರೆದೆ: ನನ್ನ ಸಂಬಳ 90, ಅನುಭವಿ ಡಿಸೈನರ್ 65, ಹುಡುಗ 40, ಜಾಗ, ಸಾಫ್ಟ್‌ವೇರ್, ಲೆಕ್ಕಪತ್ರ ನೋಡುವವರ ಫೀಸು ಇತ್ಯಾದಿ 45. ಒಟ್ಟು 240.

ಆಮೇಲೆ ನಿಜವಾಗಿ ಮಾರುತ್ತಿರುವ ಗಂಟೆ. ಅನುಭವಿ ಡಿಸೈನರ್ 110. ಹುಡುಗ 80, ಯಾಕೆಂದರೆ ಅವನ ಬಹಳಷ್ಟು ಹೊತ್ತು ಕಲಿಯಲು ಹೋಗುತ್ತದೆ, ಮತ್ತು ಹೋಗಬೇಕು. ನನ್ನದು 50. ಮೊದಲು 100 ಇದ್ದದ್ದು ಅರ್ಧಕ್ಕೆ ಬಂದಿತ್ತು. ರಿವ್ಯೂ, ಕೆಲಸ ಹಂಚುವುದು, ಹೊಸ ಕ್ಲೈಂಟ್ ಹುಡುಕುವುದು ಉಳಿದರ್ಧವನ್ನು ತಿಂದಿದ್ದವು. ಒಟ್ಟು 240 ಗಂಟೆ.

240 ಖರ್ಚು, 240 ಗಂಟೆ. ಮಾರಿದ ಗಂಟೆಯ ಖರ್ಚು ಮತ್ತೆ 1 ಯೂನಿಟ್ಟೇ. ಇದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಕಡಿಮೆ ಸಂಬಳದವರು ಸೇರಿದರೆ ಗಂಟೆಯ ಖರ್ಚು ಇಳಿಯುತ್ತದೆ ಅಂತ ನಾನು ನಂಬಿಕೊಂಡಿದ್ದೆ. ಹುಡುಗನ ಸಂಬಳವನ್ನು ಅವನ ಗಂಟೆಯಿಂದ ಭಾಗಿಸಿದರೆ 0.5 ಬರುತ್ತದೆ, ನಿಜ. ಆದರೆ ಅವನು ಬಂದದ್ದರಿಂದ ನನ್ನ ಮಾರುವ ಗಂಟೆಗಳು ಇಳಿದವು. ಆ ಖರ್ಚು ಅವನ ಗಂಟೆಯಲ್ಲಿ ಕಾಣುವುದಿಲ್ಲ, ನನ್ನ ಗಂಟೆಯಲ್ಲಿ ಕಾಣುತ್ತದೆ. ತಂಡವನ್ನು ಒಟ್ಟಾಗಿ ನೋಡಿದಾಗ ಮಾತ್ರ ಲೆಕ್ಕ ಸರಿಹೋಗುತ್ತದೆ.

ಹಾಗಾದರೆ 214 ಗಂಟೆಯ ಆ ಪ್ರಾಜೆಕ್ಟಿಗೆ ನಮಗಾದ ಖರ್ಚು 214. ಬಂದದ್ದು 150. ನಷ್ಟ 64. ಮೂರು ತಿಂಗಳ ಒಟ್ಟು ನಷ್ಟ 30 ಅಂದರೆ, ಉಳಿದ ಕ್ಲೈಂಟ್‌ಗಳು ಇದರ ಅರ್ಧಕ್ಕಿಂತ ಹೆಚ್ಚನ್ನು ಹೊತ್ತಿದ್ದರು.

ಹೊಸ ರೇಟು 1.5 ಅಂತ ಇಟ್ಟೆ. ಇಲ್ಲಿ ಒಂದು ಲೆಕ್ಕದ ತಪ್ಪು ತುಂಬಾ ಜನ ಮಾಡುತ್ತಾರೆ. ಖರ್ಚಿನ ಮೇಲೆ 50% ಸೇರಿಸಿದರೆ ಲಾಭ 50% ಅಲ್ಲ. 1.5 ಬಂದಾಗ 0.5 ಉಳಿಯುತ್ತದೆ, ಅದು ಬಂದ ಹಣದ 33%. ಅದರಲ್ಲೇ ಕೆಲಸವಿಲ್ಲದ ವಾರ, ತಡವಾದ ಹಣ, ತಪ್ಪಿದ ಅಂದಾಜು ಎಲ್ಲ ಸರಿದೂಗಬೇಕು. ಇನ್ನೊಂದು ತೀರ್ಮಾನ: ಮೂವರಿಗೂ ಒಂದೇ ರೇಟು. ಜನರಿಗೆ ತಕ್ಕ ಬೇರೆ ಬೇರೆ ರೇಟು ಕೊಟ್ಟು ನೋಡಿದ್ದೆ. ಕ್ಲೈಂಟ್ ಸಹಜವಾಗಿ ಕಡಿಮೆ ರೇಟಿನವರನ್ನು ಕೇಳುತ್ತಾರೆ, ಆದರೆ ಕೆಲಸ ನನ್ನ ಮಟ್ಟದ್ದು ಬೇಕು ಅನ್ನುತ್ತಾರೆ. ಆ ಮಟ್ಟ ತಲುಪಿಸುವ ರಿವ್ಯೂ ಗಂಟೆಗೆ ಹಣ ಇರುವುದಿಲ್ಲ.

ಒಂದು ಮಾತು ಇಲ್ಲಿ ಸೇರಿಸಬೇಕು. ಈ ಲೆಕ್ಕ ಹೇಳುವುದು ಎಲ್ಲಿಗಿಂತ ಕೆಳಗೆ ಇಳಿಯಬಾರದು ಅನ್ನುವುದನ್ನು ಮಾತ್ರ. ಎಷ್ಟು ಕೇಳಬಹುದು ಅನ್ನುವುದು ಆ ಕೆಲಸದಿಂದ ಕ್ಲೈಂಟಿಗೆ ಎಷ್ಟು ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಹಣ ಕಟ್ಟುವ ಪೇಜಿನ ಡಿಸೈನ್ ಮತ್ತು ಆಫೀಸಿನ ಒಳಗಿನ ಸ್ಲೈಡುಗಳಿಗೆ ಒಂದೇ ಗಂಟೆ ಹಿಡಿಯಬಹುದು, ಬೆಲೆ ಒಂದೇ ಇರಬೇಕಿಲ್ಲ.

ಎರಡನೆಯ ಪ್ರಾಜೆಕ್ಟ್

ಅದೇ ಕಂಪನಿ ಮುಂದಿನ ವರ್ಷ ಆ್ಯಪಿನ ಹೊಸ ಬಳಕೆದಾರರ ಸ್ಕ್ರೀನ್‌ಗಳನ್ನು ಮಾಡಿಕೊಡಿ ಅಂತ ಕೇಳಿತು. ಈ ಸಲ ನಾನು ತಕ್ಷಣ ಬೆಲೆ ಹೇಳಲಿಲ್ಲ. ಮೊದಲು 16 ಗಂಟೆಯ ಒಂದು ಹುಡುಕಾಟದ ಹಂತ ಇಟ್ಟೆ. ಗಂಟೆ ಲೆಕ್ಕದ್ದೇ, ಆದರೆ 16ಕ್ಕಿಂತ ಮೇಲೆ ಹೋಗುವುದಿಲ್ಲ ಅಂತ ಬರೆದುಕೊಟ್ಟೆ. ಕೊನೆಯಲ್ಲಿ ಅವರಿಗೆ ಸ್ಕ್ರೀನ್‌ಗಳ ಪಟ್ಟಿ, ಹರಿವಿನ ನಕ್ಷೆ, ಇನ್ನೂ ತೀರ್ಮಾನ ಆಗದ ಪ್ರಶ್ನೆಗಳು ಸಿಗುತ್ತವೆ. ಬೇಕಾದರೆ ಅದನ್ನು ಹಿಡಿದು ಬೇರೆಯವರ ಹತ್ತಿರವೂ ಹೋಗಬಹುದು. ಏನು ಮಾಡಬೇಕು ಅನ್ನುವುದೇ ಸ್ಪಷ್ಟವಿಲ್ಲದಾಗ ಗಂಟೆ ಲೆಕ್ಕ ಇಬ್ಬರಿಗೂ ನ್ಯಾಯವಾದದ್ದು. ಸ್ಪಷ್ಟವಾದ ಮೇಲೆ ಪ್ರಾಜೆಕ್ಟ್ ಬೆಲೆ.

ಅಂದಾಜು ಮಾಡುವಾಗ ಪ್ರತಿ ಕೆಲಸಕ್ಕೂ ಅದನ್ನು ಮಾಡುವವರನ್ನೇ ಕೇಳಿದೆ. ಎಲ್ಲ ಸುಸೂತ್ರ ನಡೆದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಕೆಟ್ಟದ್ದೆಲ್ಲ ಆದರೆ ಎಷ್ಟು? ಸಾಮಾನ್ಯದ್ದನ್ನು ನಾಲ್ಕು ಪಟ್ಟು ಮಾಡಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸುವುದು. 1958ರ ಹೊತ್ತಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪಿಸಿದ ಪರ್ಟ್ ಅನ್ನುವ ವಿಧಾನದಿಂದ ಬಂದ ಸೂತ್ರ ಇದು. ಉದಾಹರಣೆಗೆ ಕ್ಯಾಲೆಂಡರ್ ಸ್ಕ್ರೀನ್‌ಗೆ ಹುಡುಗ ಹೇಳಿದ್ದು 6, 10, 26. ಸೂತ್ರ ಕೊಟ್ಟದ್ದು 12 ಗಂಟೆ. ನಾನು ಹಳೆಯ ರೀತಿಯಲ್ಲಿ ಹೇಳಿದ್ದರೆ 7 ಅನ್ನುತ್ತಿದ್ದೆ. ನನಗೆ ಆ 12ಕ್ಕಿಂತ 26 ಅನ್ನುವ ಉತ್ತರ ಹೆಚ್ಚು ಉಪಯೋಗಕ್ಕೆ ಬಂತು. ಯಾಕೆ 26 ಅಂತ ಕೇಳಿದಾಗ "ಬೇರೆ ಬೇರೆ ಟೈಮ್ ಜೋನ್‌ನವರು ಬುಕ್ ಮಾಡ್ತಾರಾ ಇಲ್ವಾ ಅಂತ ಗೊತ್ತಿಲ್ಲ" ಅಂದ. ಆ ಪ್ರಶ್ನೆಯನ್ನು ಅದೇ ದಿನ ಕ್ಲೈಂಟಿಗೆ ಕಳಿಸಿದೆವು.

ಎಲ್ಲ ಸೇರಿ 138 ಗಂಟೆ. ರಿವ್ಯೂಗೆ 15% ಸೇರಿಸಿದಾಗ 159. 1.5ರ ರೇಟಿನಲ್ಲಿ 240 ಯೂನಿಟ್ ಅಂತ ಕೊಟೇಶನ್ ಕೊಟ್ಟೆ.

"ಹೋದ ಸಲ ಇಡೀ ವೆಬ್‌ಸೈಟಿಗೆ 150 ತಗೊಂಡಿದ್ರಿ, ಅಲ್ವಾ?" ಅಂತ ಮಾರ್ಕೆಟಿಂಗ್ ಮ್ಯಾನೇಜರ್ ಕೇಳಿದರು. ಅವರ ಪ್ರಶ್ನೆ ಸರಿಯಾದದ್ದೇ.

"ಹೌದು ಮೇಡಂ. ಆ ಕೆಲಸಕ್ಕೆ ನಮಗೆ 214 ಆಯ್ತು. ಆ ಅಂದಾಜು ತಪ್ಪಾಗಿತ್ತು, ಆ ತಪ್ಪು ನನ್ನದು. ಹಾಗಾಗಿ ನಿಮ್ಮನ್ನು ಹೆಚ್ಚು ಕೇಳಲಿಲ್ಲ. ಈ ಸಲ ಮೊದಲೇ ಸರಿಯಾಗಿ ಲೆಕ್ಕ ಹಾಕಿದ್ದೇನೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: "ನಮ್ಮ ಹತ್ತಿರ 170 ಇದೆ. ಅದರಲ್ಲಿ ಏನಾಗುತ್ತೆ ನೋಡಿ."

ಇಲ್ಲಿ ರೇಟು ಇಳಿಸಿ 170ಕ್ಕೆ ಒಪ್ಪಿಕೊಳ್ಳುವುದು ಸುಲಭವಿತ್ತು. ಹಾಗೆ ಮಾಡಿದರೆ 159 ಗಂಟೆಯ ಕೆಲಸಕ್ಕೆ ಗಂಟೆಗೆ 1.07 ಬರುತ್ತದೆ. ಅಂದಾಜು ಒಂದಿಷ್ಟು ತಪ್ಪಿದರೂ ಮತ್ತೆ ನಷ್ಟ. ಅದರ ಬದಲು ಕೆಲಸ ಕಡಿಮೆ ಮಾಡಿದೆವು. ಅವರ ಜೊತೆ ಕುಳಿತು ಪಟ್ಟಿಯಿಂದ ನಾಲ್ಕು ಸ್ಕ್ರೀನ್ ಮತ್ತು ಚಿತ್ರಗಳ ಕೆಲಸ ತೆಗೆದೆವು. 112 ಗಂಟೆ ಉಳಿಯಿತು, ಬೆಲೆ 168. ರೇಟು ಅಷ್ಟೇ ಇತ್ತು.

ಕಾಗದದಲ್ಲಿ ಈ ಸಲ ಮೂರು ವಿಷಯ ಬಿಡಿಸಿ ಬರೆದೆ. ಒಂದು ರೌಂಡ್ ಅಂದರೆ ಅವರ ಕಡೆಯ ಎಲ್ಲರ ಅಭಿಪ್ರಾಯವನ್ನೂ ಒಬ್ಬರು ಸೇರಿಸಿ, ಜಗಳ ಇದ್ದರೆ ಅಲ್ಲೇ ಬಗೆಹರಿಸಿ, ಒಂದೇ ಪಟ್ಟಿಯಾಗಿ ಕಳಿಸುವುದು. ಆ ಒಬ್ಬರು ಯಾರು ಅನ್ನುವುದನ್ನೂ ಬರೆದೆವು. ಹಣ 40% ಶುರುವಿನಲ್ಲಿ, 30% ಮೊದಲ ಪೂರ್ತಿ ಡ್ರಾಫ್ಟ್ ಕೊಟ್ಟಾಗ, 30% ಆ್ಯಪ್ ಲೈವ್ ಆದಾಗ ಅಥವಾ ಕೊನೆಯ ಫೈಲು ಕೊಟ್ಟ 21 ದಿನಕ್ಕೆ, ಯಾವುದು ಮೊದಲೋ ಅದಕ್ಕೆ. ಮತ್ತೆ ಅವರ ಕಡೆಯಿಂದ ಬರಬೇಕಾದದ್ದು 10 ಕೆಲಸದ ದಿನಕ್ಕಿಂತ ತಡವಾದರೆ ನಮ್ಮ ಕ್ಯಾಲೆಂಡರಿನಲ್ಲಿ ಅವರ ಜಾಗ ಬೇರೆಯವರಿಗೆ ಹೋಗುತ್ತದೆ, ಹೊಸ ದಿನಾಂಕ ಗೊತ್ತು ಮಾಡಬೇಕಾಗುತ್ತದೆ. ದಂಡ ಹಾಕಲಿಲ್ಲ. ದಿನಾಂಕ ಕೈತಪ್ಪುತ್ತದೆ ಅನ್ನುವುದೇ ಸಾಕಾಯಿತು, ಕಂಟೆಂಟ್ ಹೇಳಿದ ದಿನಕ್ಕೆ ಬಂತು.

ಕೊನೆಗೆ ಹಿಡಿದದ್ದು 119 ಗಂಟೆ. ಕೈಗೆ ಬಂದ ರೇಟು 1.41. ಅಂದಾಜು 7 ಗಂಟೆ ತಪ್ಪಿತ್ತು, ಲಾಭ ಅದನ್ನು ತಡೆದುಕೊಂಡಿತು.

ರಿಟೈನರ್

ಮೂರರಲ್ಲಿ ನನಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿದದ್ದು ರಿಟೈನರ್. ಎರಡು ಪ್ರಾಜೆಕ್ಟ್‌ಗಳ ಮಧ್ಯೆ ನಾವು ಅವರಿಗೆ ತಿಂಗಳಿಗೆ 60 ಯೂನಿಟ್‌ಗೆ "ಬೇಕಾದ ಡಿಸೈನ್ ಕೆಲಸ" ಮಾಡಿಕೊಡುತ್ತಿದ್ದೆವು. ತಿಂಗಳು ತಿಂಗಳು ಖಚಿತವಾಗಿ ಹಣ ಬರುತ್ತದೆ ಅನ್ನುವ ಖುಷಿಯಲ್ಲಿ ಅದಕ್ಕಿಂತ ಜಾಸ್ತಿ ಏನೂ ಬರೆದಿರಲಿಲ್ಲ. ಸುಮಾರು 50 ಗಂಟೆ ಅಂತ ಬಾಯಿಮಾತು, ಅಷ್ಟೇ.

ಮೊದಲ ನಾಲ್ಕು ತಿಂಗಳು ಬಳಕೆಯಾದ ಗಂಟೆ 38, 71, 12, 96. ಒಟ್ಟು 217 ಗಂಟೆಗೆ 240 ಯೂನಿಟ್. ಕೈಗೆ ಬಂದ ರೇಟು 1.11. ಹಳೆಯ ಪ್ರಾಜೆಕ್ಟಿಗೆ ಹೋಲಿಸಿದರೆ ಇದು ಎಷ್ಟೋ ವಾಸಿ. ಸರಾಸರಿ ಮಾತ್ರ ನೋಡಿದ್ದರೆ ಇದರಲ್ಲಿ ದೋಷ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ತೊಂದರೆ ಇದ್ದದ್ದು ಏರಿಳಿತದಲ್ಲಿ. 12 ಗಂಟೆಯ ತಿಂಗಳು ಅನುಭವಿ ಡಿಸೈನರ್‌ಗೆ ಕೆಲಸ ಸಾಲಲಿಲ್ಲ. ಈ ಕಂಪನಿಯ ಕೆಲಸ ಬಂದೀತು ಅಂತ ನಾನು ಬೇರೆ ಏನನ್ನೂ ಒಪ್ಪಿರಲಿಲ್ಲ. ಮುಂದಿನ ತಿಂಗಳು ಅವರು "ಹೋದ ತಿಂಗಳು ಉಳಿದ ಗಂಟೆ ಇದೆಯಲ್ಲ, ಈ ತಿಂಗಳು ಸೇರಿಸಿಕೊಳ್ಳಿ" ಅಂದರು. ನ್ಯಾಯವಾಗಿಯೇ ಕೇಳಿಸಿತು, ಒಪ್ಪಿದೆ. 96 ಗಂಟೆಯ ಆ ತಿಂಗಳು ಇನ್ನೊಬ್ಬ ಕ್ಲೈಂಟಿನ ಕೆಲಸ ಎರಡು ವಾರ ತಡವಾಯಿತು. ತಂಡ ಎರಡು ಶನಿವಾರ ಕುಳಿತಿತ್ತು. ಆ ಇನ್ನೊಬ್ಬ ಕ್ಲೈಂಟ್ ಮತ್ತೆ ನಮ್ಮ ಹತ್ತಿರ ಬರಲಿಲ್ಲ.

ಉಳಿದ ಗಂಟೆ ಅನ್ನುವುದು ಡಬ್ಬಿಯಲ್ಲಿ ಇಟ್ಟ ಅಕ್ಕಿಯ ಹಾಗಲ್ಲ. ಆ ತಿಂಗಳು ಅವರಿಗಾಗಿ ಕಾದಿಟ್ಟ ಹೊತ್ತು, ಕಾದಿದ್ದಕ್ಕೇ ಸಂಬಳ ಕೊಟ್ಟಾಗಿದೆ. ಮುಂದಿನ ತಿಂಗಳು ಅದನ್ನೇ ಮತ್ತೆ ಕೊಡಬೇಕಾದರೆ ನಾನು ಇನ್ನೊಂದು ಸಲ ಸಂಬಳ ಕೊಡಬೇಕು. ರಿಟೈನರ್‌ನಲ್ಲಿ ನಾವು ಮಾರುವುದು ಜಾಗವನ್ನು. ಹೊರಟ ರೈಲಿನಲ್ಲಿ ಖಾಲಿ ಉಳಿದ ಸೀಟನ್ನು ಮರುದಿನದ ರೈಲಿಗೆ ಸೇರಿಸಲು ಆಗುವುದಿಲ್ಲ.

ಇದನ್ನು ಹೀಗೇ ಅವರಿಗೆ ವಿವರಿಸಿ, ಹೊಸ ಒಪ್ಪಂದ ಮಾಡಿದೆವು. ತಿಂಗಳಿಗೆ 48 ಗಂಟೆ, ಗಂಟೆಗೆ 1.35ರಂತೆ 65 ಯೂನಿಟ್, ತಿಂಗಳ ಮೊದಲ ದಿನವೇ. ಪ್ರಾಜೆಕ್ಟ್ ರೇಟಿಗಿಂತ 10% ಕಡಿಮೆ, ಯಾಕೆಂದರೆ ಈ ಗಂಟೆಗಳನ್ನು ಮಾರಲು ನಾನು ಪ್ರತಿ ತಿಂಗಳು ಕೊಟೇಶನ್ ಬರೆಯಬೇಕಿಲ್ಲ. ಆ ಉಳಿತಾಯ ನಿಜವಾದದ್ದು, ಅದನ್ನು ಅವರಿಗೂ ಹಂಚಬೇಕು. ಇದಕ್ಕಿಂತ ಜಾಸ್ತಿ ರಿಯಾಯಿತಿ ಕೇಳಿದರೆ ಕೊಡಲು ನನ್ನ ಹತ್ತಿರ ಕಾರಣವಿಲ್ಲ. ಉಳಿದ ಗಂಟೆಯಲ್ಲಿ 12ರವರೆಗೆ ಮುಂದಿನ ಒಂದು ತಿಂಗಳಿಗೆ ಮಾತ್ರ ಹೋಗುತ್ತದೆ, ಆಮೇಲೆ ಇಲ್ಲ. 48 ದಾಟುವ ಮುಂಚೆ ನಾವು ತಿಳಿಸುತ್ತೇವೆ, ಅವರು ಹೂಂ ಅಂದರೆ ಮಾತ್ರ ಮೇಲಿನ ಗಂಟೆ, ಅದಕ್ಕೆ 1.6ರ ರೇಟು. ಒಂದು ಸಲಕ್ಕೆ ಎರಡು ಕೆಲಸ ಮಾತ್ರ ನಡೆಯುತ್ತದೆ. ಉಳಿದದ್ದು ಸಾಲಿನಲ್ಲಿ, ಯಾವುದು ಮುಂದೆ ಅನ್ನುವುದನ್ನು ಅವರೇ ಹೇಳುತ್ತಾರೆ.

ಈ ಕೊನೆಯ ನಿಯಮ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ಮುಂಚೆ ಎಲ್ಲವೂ ಅರ್ಜೆಂಟ್ ಆಗಿರುತ್ತಿತ್ತು. ಸಾಲು ಅವರ ಕೈಗೆ ಬಂದ ಮೇಲೆ ಮಾರ್ಕೆಟಿಂಗ್ ಮತ್ತು ಪ್ರಾಡಕ್ಟ್ ತಂಡ ತಮ್ಮತಮ್ಮಲ್ಲೇ ಮಾತಾಡಿಕೊಳ್ಳತೊಡಗಿದವು. ಮುಂದಿನ ಐದು ತಿಂಗಳು ಬಳಕೆ 44ರಿಂದ 55ರ ಒಳಗೇ ಇತ್ತು.

ಬಿಡಲು ಎರಡು ತಿಂಗಳ ನೋಟಿಸ್ ಅಂತಲೂ ಬರೆದೆವು, ಇಬ್ಬರಿಗೂ. ಒಬ್ಬಳೇ ಇದ್ದಾಗ ನನಗೆ ಎರಡು ವಾರ ಸಾಕಾಗುತ್ತಿತ್ತು. ಈಗ 48 ಗಂಟೆಯ ಹಣ ಅಂದರೆ ಅನುಭವಿ ಡಿಸೈನರ್ ಅವರ ಪೂರ್ತಿ ಸಂಬಳ. ಅದನ್ನು ಬೇರೆಯವರಿಗೆ ಮಾರಲು ನನಗೆ ಅಷ್ಟಾದರೂ ಸಮಯ ಬೇಕು.

ರಿಟೈನರ್‌ನಲ್ಲಿ ಏನು ಬರುವುದಿಲ್ಲ ಅನ್ನುವುದನ್ನೂ ಬರೆದಿದ್ದೇವೆ. 20 ಗಂಟೆಗಿಂತ ದೊಡ್ಡ ಯಾವ ಕೆಲಸವೂ ಪ್ರಾಜೆಕ್ಟ್ ಆಗುತ್ತದೆ. ಇಲ್ಲದಿದ್ದರೆ ಹೊಸ ಬ್ರಾಂಡ್, ಹೊಸ ಸೈಟ್ ಎಲ್ಲ ತಿಂಗಳ ಗಂಟೆಯೊಳಗೆ ತುಂಡುತುಂಡಾಗಿ ಬಂದು ಸೇರುತ್ತವೆ, ಯಾವುದೂ ಸರಿಯಾಗಿ ಮುಗಿಯುವುದಿಲ್ಲ.

ಎಷ್ಟು ರಿಟೈನರ್ ಇರಬೇಕು? ಇದಕ್ಕೆ ನನ್ನದೊಂದು ಅಂದಾಜು ಇದೆ. ಇಬ್ಬರ ಸಂಬಳ ಸೇರಿ 105. ರಿಟೈನರ್‌ಗಳ ಒಟ್ಟು ಹಣ ಅಷ್ಟಾಗಬೇಕು ಅಂತ ಇಟ್ಟುಕೊಂಡೆ. ಈ ಕಂಪನಿಯ 65ರ ಜೊತೆಗೆ ಇನ್ನೊಬ್ಬರಿಂದ 40 ಬರುತ್ತದೆ. ಈ ಎರಡಕ್ಕೆ ಹೋಗುವುದು ಸುಮಾರು 78 ಗಂಟೆ, ನಮ್ಮ 240ರಲ್ಲಿ ಮೂರನೇ ಒಂದು ಭಾಗ. ಉಳಿದದ್ದು ಪ್ರಾಜೆಕ್ಟ್‌ಗಳಿಗೆ. ಎಲ್ಲ ಗಂಟೆಯನ್ನೂ ರಿಟೈನರ್‌ಗೆ ಕೊಟ್ಟರೆ ಒಳ್ಳೆಯ ಬೆಲೆಯ ಪ್ರಾಜೆಕ್ಟ್ ಬಂದಾಗ ಕೈ ಖಾಲಿ ಇರುವುದಿಲ್ಲ. ಒಬ್ಬರೇ ಕ್ಲೈಂಟಿಗೆ ಬಹುಪಾಲು ಕೊಟ್ಟರೆ ಅವರು ಬಿಟ್ಟ ದಿನ ಮನೆಗೆ ಕಳಿಸಬೇಕಾದದ್ದು ನಮ್ಮ ಜನರನ್ನು.

ಈಗ ಬೆಲೆ ಯಾವ ರೀತಿಯದಾದರೂ ನಾವು ಗಂಟೆ ಬರೆದಿಡುತ್ತೇವೆ. ಕ್ಲೈಂಟಿಗೆ ತೋರಿಸಲು ಅಲ್ಲ, ನಮಗಾಗಿ. ಪ್ರತಿ ಶುಕ್ರವಾರ ಒಂದೊಂದು ಪ್ರಾಜೆಕ್ಟಿಗೂ ಕೇಳುವ ಪ್ರಶ್ನೆ ಒಂದೇ: ಅಂದಾಜಿನ ಎಷ್ಟು ಭಾಗ ಗಂಟೆ ಮುಗಿದಿದೆ, ಕೆಲಸ ಎಷ್ಟು ಭಾಗ ಮುಗಿದಿದೆ? ಗಂಟೆ ಅರ್ಧ ಮುಗಿದು ಕೆಲಸ ಮೂರನೇ ಒಂದು ಭಾಗದಲ್ಲೇ ಇದ್ದರೆ ಅದೇ ವಾರ ಕ್ಲೈಂಟ್ ಜೊತೆ ಮಾತಾಡುತ್ತೇವೆ. 214 ಗಂಟೆಯ ಪ್ರಾಜೆಕ್ಟಿನಲ್ಲಿ ಈ ಗುರುತು ಮೂರನೆಯ ವಾರಕ್ಕೇ ಬಂದಿತ್ತು. ಟೈಮ್‌ಶೀಟಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಆಗ ಯಾರೂ ನೋಡಿರಲಿಲ್ಲ.

ಹೋದ ತಿಂಗಳು ರಿಟೈನರ್ ನವೀಕರಣಕ್ಕೆ ಅದೇ ಮ್ಯಾನೇಜರ್ ಫೋನ್ ಮಾಡಿದ್ದರು. "ಎರಡು ತಿಂಗಳಿಂದ 33, 31 ಗಂಟೆಯಷ್ಟೇ ಬಳಸ್ತಿದ್ದೀವಿ. ಉಳಿದದ್ದು ವ್ಯರ್ಥ ಆಗ್ತಿದೆ ಅಂತ ಮೇಲಿನವರು ಕೇಳ್ತಿದ್ದಾರೆ" ಅಂದರು. ನನಗೂ ಆ ಅಂಕಿ ಗೊತ್ತಿತ್ತು. ಅದನ್ನು ಅವರಿಗಿಂತ ಮೊದಲು ನಾನೇ ಹೇಳಬೇಕಿತ್ತು. 36 ಗಂಟೆಗೆ ಇಳಿಸೋಣ ಅಂದೆ. ರೇಟು ಅದೇ, ತಿಂಗಳಿಗೆ 65ರ ಬದಲು 49. ಎರಡು ತಿಂಗಳ ನೋಟಿಸಿನ ನಿಯಮ ಇಳಿಸುವುದಕ್ಕೂ ಅನ್ವಯಿಸುತ್ತದೆ, ಹಾಗಾಗಿ ಹೊಸ ಲೆಕ್ಕ ಮುಂದಿನ ತಿಂಗಳಿಂದಾಚೆ ಶುರುವಾಗುತ್ತದೆ. ಬಿಡುವಾಗುವ 12 ಗಂಟೆಗೆ ಯಾರಿದ್ದಾರೆ ಅಂತ ಅನುಭವಿ ಡಿಸೈನರ್ ಜೊತೆ ಕುಳಿತು ಪಟ್ಟಿ ಮಾಡಿದ್ದೇವೆ. ಅದರಲ್ಲಿ ಮೂರು ಕಂಪನಿಗಳ ಹೆಸರಿವೆ. ಎರಡಕ್ಕೆ ಹುಡುಕಾಟದ ಹಂತದ ಕೊಟೇಶನ್ ಆಗಲೇ ಹೋಗಿದೆ.